ಗೂಡಿನ ಅಸಲು ಎಷ್ಟು?

ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ರೈತರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆಗಳು ಎರಡೇ. ‘ನೂರಕ್ಕೆ ಎಷ್ಟು ಬಿತ್ತು?’ ‘ಎಷ್ಟಕ್ಕೆ ಹೋಯ್ತು?’ ಮೊದಲನೆಯದು ಇಳುವರಿಯ ಮಾತು, ಎರಡನೆಯದು ದರದ ಮಾತು. ಒಬ್ಬರು ‘ನೂರಕ್ಕೆ ಎಪ್ಪತ್ತು ಬಿತ್ತು, ಐನೂರಕ್ಕೆ ಹೋಯ್ತು’ ಅಂದರೆ ಸುತ್ತ ನಿಂತವರು ತಲೆದೂಗುತ್ತಾರೆ. ಆ ಗೂಡಿನ ಅಸಲು ಎಷ್ಟು ಎಂಬ ಮೂರನೇ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಥಟ್ಟನೆ ಉತ್ತರ ಬರುವುದಿಲ್ಲ. ಚಾಕಿಗೆ ಕೊಟ್ಟ ದುಡ್ಡು ನೆನಪಿರುತ್ತದೆ, ಕೂಲಿಯವರಿಗೆ ಕೊಟ್ಟದ್ದೂ ನೆನಪಿರುತ್ತದೆ. ಮನೆಯವರು ಹದಿನೆಂಟು ದಿನ ನಿದ್ದೆಗೆಟ್ಟು ದುಡಿದದ್ದು, ಸೊಪ್ಪು ಬೆಳೆದ ಖರ್ಚು, ಹುಳುಮನೆ ವರ್ಷವರ್ಷ ಸವೆಯುವುದು ಲೆಕ್ಕದ ಹೊರಗೇ ಉಳಿಯುತ್ತವೆ.

ಅವನ್ನೂ ಒಳಗೆ ತಂದು ಒಂದು ಬೆಳೆಯ ಲೆಕ್ಕ ಹಾಕಿ ನೋಡೋಣ. ರೇಷ್ಮೆಯವರ ಮಾತಿನಲ್ಲಿ ಬೆಳೆ ಅಂದರೆ ಮೊಟ್ಟೆಯಿಂದ ಗೂಡಿನವರೆಗಿನ ಒಂದು ಸುತ್ತು. ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು, ಅದರಲ್ಲಿ ಸುಮಾರು 500 ಕಾಳುಗಳಿರುತ್ತವೆ. ಹಾಗಾಗಿ ನೂರು ಮೊಟ್ಟೆ ಎಂದರೆ ಅರ್ಧ ಲಕ್ಷ ಹುಳುಗಳ ಬಾಯಿ. ನಾವು ಹಿಡಿಯುವ ಕುಟುಂಬ ಮಂಡ್ಯ–ರಾಮನಗರ ಸೀಮೆಯದು: ಕೊಳವೆ ಬಾವಿಯ ನೀರಿರುವ ಒಂದು ಎಕರೆ ವಿ-1 ತಳಿಯ ಹಿಪ್ಪುನೇರಳೆ ತೋಟ, ಇಪ್ಪತ್ತಡಿ ಅಗಲ ಐವತ್ತಡಿ ಉದ್ದದ ಹುಳುಮನೆ, ದುಡಿಯಲು ಗಂಡ ಹೆಂಡತಿ ಇಬ್ಬರು. ವರ್ಷಕ್ಕೆ ಐದು ಬೆಳೆ, ಪ್ರತಿ ಬೆಳೆಗೆ 250 ಮೊಟ್ಟೆ, ಬಿಳಿ ಗೂಡು ಕಟ್ಟುವ ದ್ವಿತಳಿ ಹುಳು. ಮುಂದೆ ಬರುವ ರೂಪಾಯಿಗಳು ಲೆಕ್ಕಕ್ಕೆ ಹಿಡಿದ ದರಗಳು. ಕೂಲಿ, ಗೊಬ್ಬರದ ಬೆಲೆ ಊರಿಂದ ಊರಿಗೆ ಬೇರೆಯಾಗುವುದರಿಂದ ಓದುವವರು ತಮ್ಮೂರಿನ ದರ ಹಾಕಿಕೊಂಡು ಕೂಡಿದರೆ ಸರಿ.

ಸೊಪ್ಪಿನಿಂದ ಶುರು ಮಾಡಬೇಕು, ಏಕೆಂದರೆ ಹುಳು ಬರುವುದಕ್ಕೆ ಎರಡು ತಿಂಗಳು ಮೊದಲೇ ಖರ್ಚು ಅಲ್ಲಿ ಶುರುವಾಗಿರುತ್ತದೆ. ವಿ-1 ತೋಟಕ್ಕೆ ಎಕರೆಗೆ ವರ್ಷಕ್ಕೆ ಎಂಟು ಟನ್ ಕೊಟ್ಟಿಗೆ ಗೊಬ್ಬರ ಬೇಕು. ಟ್ರ್ಯಾಕ್ಟರಿನ ಲೆಕ್ಕದಲ್ಲಿ ನಾಲ್ಕು ಲೋಡು ಎಂದುಕೊಂಡರೆ 16,000 ರೂಪಾಯಿ. ಯೂರಿಯಾ, ಸೂಪರ್, ಪೊಟ್ಯಾಷ್ ಐದು ಕಂತಿನಲ್ಲಿ ಹಾಕಲು 9,000. ಕಡ್ಡಿ ಕೊಯ್ದ ಮೇಲೆ ಉಳುಮೆ, ಕಳೆ, ನೀರು ಕಟ್ಟುವುದು ಸೇರಿ ಬೆಳೆಗೆ 4,000, ವರ್ಷಕ್ಕೆ 20,000. ಹನಿ ನೀರಾವರಿ ಕೊಳವೆ, ಮೋಟಾರು ರಿಪೇರಿಗೆ 5,000, ನುಸಿ–ಕೀಟದ ಸಿಂಪಡಣೆಗೆ 3,000. ಒಟ್ಟು 53,000. ಇದರ ಮೇಲೆ ಭೂಮಿಯ ಗುತ್ತಿಗೆಯನ್ನೂ ಸೇರಿಸಬೇಕು. ನೆಲ ಸ್ವಂತದ್ದೇ ಇರಬಹುದು, ಆದರೆ ಬೇರೆಯವರಿಗೆ ಕೊಟ್ಟಿದ್ದರೆ ಏನಾದರೂ ಬರುತ್ತಿತ್ತಲ್ಲ. ಅದನ್ನು 17,000 ಎಂದು ಹಿಡಿದರೆ ವರ್ಷಕ್ಕೆ 70,000 ಆಯಿತು, ಬೆಳೆಗೆ 14,000.

ಒಂದು ಕೊಯ್ಲಿಗೆ ಸೊಪ್ಪು ಎಷ್ಟು ಸಿಗುತ್ತದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳುವವರೇ ಹೆಚ್ಚು. ನಿಜವಾದ ನಷ್ಟ ಹುಟ್ಟುವುದು ಬಹಳ ಸಲ ಇಲ್ಲಿಂದಲೇ. ಐದು ಅಡಿ, ಮೂರು ಅಡಿಯ ಜೋಡಿ ಸಾಲಿನಲ್ಲಿ ಎರಡು ಅಡಿಗೊಂದು ಗಿಡ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 5,400 ಗಿಡಗಳಿರುತ್ತವೆ. ಕೊಯ್ದು ಐವತ್ತು ದಿನ ಆದ ಮೇಲೆ, ಚಾಕಿಗೆ ಹೇಳುವ ಮುಂಚೆ, ತೋಟದ ಬೇರೆ ಬೇರೆ ಮೂಲೆಯಿಂದ ಹತ್ತು ಗಿಡ ಆರಿಸಿ ಕಡ್ಡಿ ಕೊಯ್ದು, ಎಲೆ ಬಿಡಿಸಿ ತೂಕ ಹಾಕಿದರೆ ಸಾಕು. ಗಿಡಕ್ಕೆ ಸರಾಸರಿ 650 ಗ್ರಾಂ ಎಲೆ ಬಂದರೆ ಎಕರೆಗೆ 3,500 ಕೆ.ಜಿ. ಒಂದು ಕೆ.ಜಿ. ಗೂಡಿಗೆ ಇಪ್ಪತ್ತರಿಂದ ಇಪ್ಪತ್ತೈದು ಕೆ.ಜಿ. ಎಲೆ ಬೇಕು ಎಂಬ ಲೆಕ್ಕದಲ್ಲಿ ಈ ಸೊಪ್ಪಿಗೆ 250 ಮೊಟ್ಟೆ ಸರಿಹೋಗುತ್ತದೆ. ಗಿಡದಲ್ಲಿ 500 ಗ್ರಾಂ ಮಾತ್ರ ಇದ್ದರೆ 190 ಮೊಟ್ಟೆಗಿಂತ ಹೆಚ್ಚು ತರಬಾರದು.

ಇದನ್ನು ಮೀರಿ ತಂದರೆ ತಪ್ಪು ಗೊತ್ತಾಗುವುದು ತೀರಾ ತಡವಾಗಿ. ಹುಳು ತನ್ನ ಇಡೀ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಕೊನೆಯ ಏಳೆಂಟು ದಿನಗಳಲ್ಲೇ, ಅಂದರೆ ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುತ್ತದೆ. ಪೊರೆ ಬಿಡಲು ಹುಳು ಮೇವು ಬಿಟ್ಟು ತಲೆಯೆತ್ತಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೂರನೇ ಜ್ವರದ ಹೊತ್ತಿಗೆ ತೋಟ ಹಾಗೇ ತುಂಬಿ ನಿಂತಿರುವುದರಿಂದ ಸೊಪ್ಪು ಬೇಕಾದಷ್ಟಿದೆ ಅನಿಸುತ್ತದೆ. ಕೊನೆಯ ಎರಡು ದಿನ ತೋಟ ಬೋಳಾಗುತ್ತದೆ, ಹುಳು ಮಾತ್ರ ಇನ್ನೂ ತಿನ್ನುತ್ತಿರುತ್ತದೆ. ಆಗ ಪಕ್ಕದೂರಿನಿಂದ ಹೇಳಿದ ಬೆಲೆಗೆ ಸೊಪ್ಪು ತರಬೇಕು, ಇಲ್ಲವೇ ಅರೆಹೊಟ್ಟೆಯಲ್ಲಿ ಹುಳು ಗೂಡಿಗೆ ಹೋಗಬೇಕು. ಅರೆಹೊಟ್ಟೆಯ ಹುಳುವೂ ಗೂಡು ಕಟ್ಟುತ್ತದೆ, ಕಟ್ಟಿದ ಗೂಡು ಹಗುರ, ಕವಚ ತೆಳು.

ಇನ್ನು ಹುಳು. ಎರಡನೇ ಜ್ವರದವರೆಗೆ ಸಾಕಿದ ಮರಿಗಳನ್ನು ಚಾಕಿ ಕೇಂದ್ರದಿಂದ ತರುವುದೇ ಈಗಿನ ರೂಢಿ. ಮರಿ ಹುಳುವಿಗೆ 27–28 ಡಿಗ್ರಿ ಶಾಖ, ನೂರಕ್ಕೆ ಎಂಬತ್ತರ ಮೇಲೆ ತೇವ, ಎಳೆಯ ಸೊಪ್ಪು ಬೇಕು. ಅದನ್ನು ಮನೆಯಲ್ಲಿ ಮಾಡುವುದಕ್ಕಿಂತ ದುಡ್ಡು ಕೊಟ್ಟು ತರುವುದು ಮೇಲು. ನೂರಕ್ಕೆ 4,500ರಂತೆ 250 ಮೊಟ್ಟೆಗೆ 11,250 ರೂಪಾಯಿ. ಅಲ್ಲಿಂದ ಮುಂದಿನ ಹದಿನೇಳು ಹದಿನೆಂಟು ದಿನ ರೈತನದು.

ಕೂಲಿಯ ಲೆಕ್ಕ ಈ ದಿನಗಳಲ್ಲಿ ಒಂದೇ ಸಮನಾಗಿ ಹರಡಿರುವುದಿಲ್ಲ. ಮೊದಲ ವಾರ ಒಬ್ಬರು ಅರ್ಧ ದಿನ ಇದ್ದರೆ ಸಾಕು. ನಾಲ್ಕನೇ ಜ್ವರ ಎದ್ದ ಮೇಲೆ ಕಡ್ಡಿ ಕೊಯ್ಯುವುದು, ಹೊರುವುದು, ದಿನಕ್ಕೆ ಎರಡು ಮೂರು ಸಲ ಹಾಸಿಗೆಗೆ ಹಾಕುವುದು ಇಬ್ಬರ ಕೈಗೂ ಮೀರುತ್ತದೆ. ಹುಳು ಹಣ್ಣಾದ ದಿನವಂತೂ ಕೇಳಲೇಬೇಡಿ. ಹಣ್ಣಾದ ಹುಳು ಮೈ ಪಾರದರ್ಶಕವಾಗಿ, ಮೇವು ಬಿಟ್ಟು, ತಲೆಯೆತ್ತಿ ಜಾಗ ಹುಡುಕುತ್ತದೆ. ಒಂದು ಲಕ್ಷ ಹುಳುವನ್ನು ಒಂದೂವರೆ ದಿನದೊಳಗೆ ಆರಿಸಿ ಚಂದ್ರಿಕೆಗೋ ಪ್ಲಾಸ್ಟಿಕ್ ನೇತ್ರಿಕೆಗೋ ಬಿಡಬೇಕು. ಅವತ್ತು ಊರಲ್ಲಿ ಮದುವೆಯೋ ಹಬ್ಬವೋ ಇದ್ದರೆ ಕೂಲಿಯವರು ಹೇಳಿದ್ದೇ ದರ. ಮುಂದೆ ಆರೇಳು ದಿನಕ್ಕೆ ಗೂಡು ಬಿಡಿಸುವುದು, ಮೇಲಿನ ಜಾಳು ತೆಗೆಯುವುದು, ಕೆಟ್ಟದ್ದನ್ನು ಆರಿಸುವುದು. ಎಲ್ಲ ಸೇರಿ 42 ಆಳಿನ ಕೆಲಸ ಎಂದು ಹಿಡಿಯೋಣ. ಅದರಲ್ಲಿ 24 ಮನೆಯವರದು, 18 ಕೂಲಿಯವರದು. ಗಂಡಾಳು ಹೆಣ್ಣಾಳು ಸರಾಸರಿ 450 ಅಂದರೆ 18,900. ಕೈಯಿಂದ ಹೋಗುವುದು 8,100, ಮನೆಯವರ ದುಡಿಮೆಯ ಬೆಲೆ 10,800.

ಮನೆಯವರ ದುಡಿಮೆಯನ್ನು ಖರ್ಚೆಂದು ಬರೆಯುವುದು ಹಲವರಿಗೆ ಸರಿ ಕಾಣುವುದಿಲ್ಲ. ನಮ್ಮನೆ ಕೆಲಸಕ್ಕೆ ನಾವೇ ಕೂಲಿ ಕೊಟ್ಟುಕೊಳ್ಳೋದೇನು ಎನ್ನುತ್ತಾರೆ. ಆದರೆ ಆ ಇಪ್ಪತ್ನಾಲ್ಕು ದಿನ ಬೇರೆಯವರ ತೋಟಕ್ಕೆ ಹೋಗಿದ್ದರೆ ಕೂಲಿ ಸಿಗುತ್ತಿತ್ತು. ಅದನ್ನು ಬಿಟ್ಟು ಹುಳುವಿನ ಹಿಂದೆ ನಿಂತದ್ದರಿಂದ ಅಷ್ಟಾದರೂ ಬರಬೇಕಲ್ಲವೇ? ಹುಳುಮನೆಯ ರಾತ್ರಿ ಪಾಳಿ ಹೆಚ್ಚಾಗಿ ಹೆಂಗಸರದೇ ಆಗಿರುವಾಗ ಆ ಕಾಲಂ ಖಾಲಿ ಬಿಡುವುದು ನನಗಂತೂ ನ್ಯಾಯ ಅನಿಸುವುದಿಲ್ಲ.

ಹುಳುಮನೆಯ ಪಾಲು ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವಂಥದ್ದು. 250 ಮೊಟ್ಟೆಯ ಹುಳು ಕೊನೆಯ ಹಂತದಲ್ಲಿ ಹರಡಿಕೊಳ್ಳಲು ಸಾವಿರದ ಏಳುನೂರು ಚದರ ಅಡಿಯಷ್ಟು ಹಾಸಿಗೆ ಬೇಕು. ಇಪ್ಪತ್ತಕ್ಕೆ ಐವತ್ತರ ಮನೆಯಲ್ಲಿ ಐದಡಿ ಅಗಲದ ಎರಡು ಸಾಲು, ನಾಲ್ಕು ಅಂತಸ್ತಿನ ಸ್ಟ್ಯಾಂಡು ಹಾಕಿದರೆ ಅಷ್ಟು ಜಾಗ ಸಿಗುತ್ತದೆ. ಮನೆಗೆ ಆರು ಲಕ್ಷ, ಸ್ಟ್ಯಾಂಡು, ನೇತ್ರಿಕೆ, ಬಲೆ, ಸ್ಪ್ರೇಯರ್ ಮುಂತಾದವಕ್ಕೆ ಒಂದೂವರೆ ಲಕ್ಷ ಎನ್ನೋಣ. ಮನೆಗೆ ಇಪ್ಪತ್ತು ವರ್ಷ, ಸಲಕರಣೆಗೆ ಹತ್ತು ವರ್ಷ ಆಯುಸ್ಸು ಕೊಟ್ಟರೆ ವರ್ಷಕ್ಕೆ 45,000 ಸವೆತ, ಬೆಳೆಗೆ 9,000. ಹರಿದ ಊಜಿ ಬಲೆ ಬದಲಿಸುವುದು, ಸುಣ್ಣ ಬಳಿಯುವುದು, ದೀಪ ಇತ್ಯಾದಿಗೆ ಬೆಳೆಗೆ 1,500. ಬಡ್ಡಿಯನ್ನು ಸದ್ಯಕ್ಕೆ ಆಚೆಗಿಟ್ಟಿದ್ದೇನೆ.

ಇನ್ನುಳಿದದ್ದು ಎರಡು ಸಣ್ಣ ಬಾಬತ್ತು. ಬ್ಲೀಚಿಂಗ್ ಪುಡಿ, ಸುಣ್ಣ, ಹಾಸಿಗೆಗೆ ಎರಚುವ ವಿಜೇತದಂಥ ಪುಡಿ, ಕಾಗದ ಸೇರಿ 3,500. ಗೂಡು ಸಾಗಿಸುವ ಗಾಡಿ, ಮಾರುಕಟ್ಟೆ ಶುಲ್ಕ, ಹೋಗಿಬರುವ ಖರ್ಚು 2,500.

ಈಗ ಕೂಡಬಹುದು. ಚಾಕಿ 11,250, ಸೊಪ್ಪು 14,000, ಕೆಲಸ 18,900, ಹುಳುಮನೆ 10,500, ಸೋಂಕು ನಿವಾರಣೆ 3,500, ಮಾರಾಟ 2,500. ಒಟ್ಟು 60,650 ರೂಪಾಯಿ. ಇದರಲ್ಲಿ ಕೈಯಿಂದ ನಗದಾಗಿ ಹೋಗುವುದು 37,450 ಮಾತ್ರ. ಉಳಿದ 23,200 ರೂಪಾಯಿ ಭೂಮಿಯ ಗುತ್ತಿಗೆ, ಮನೆಯವರ ದುಡಿಮೆ, ಹುಳುಮನೆಯ ಸವೆತ. ಜೇಬಿನಿಂದ ತೆಗೆದುಕೊಟ್ಟದ್ದಲ್ಲವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ಒಳ್ಳೆಯ ಬೆಳೆಯಲ್ಲಿ ನೂರಕ್ಕೆ 65 ಕೆ.ಜಿ. ಬಿತ್ತು ಎನ್ನೋಣ. ದ್ವಿತಳಿಯಲ್ಲಿ ಎಂಬತ್ತು ತೆಗೆಯುವವರಿದ್ದಾರೆ, ಆದರೆ ವರ್ಷದ ಎಲ್ಲ ಬೆಳೆಯಲ್ಲೂ ಅಲ್ಲ. 250 ಮೊಟ್ಟೆಗೆ 162 ಕೆ.ಜಿ.ಗಿಂತ ತುಸು ಹೆಚ್ಚು. ಅಲ್ಲಿಗೆ ಒಂದು ಕೆ.ಜಿ. ಗೂಡಿನ ಪೂರ್ತಿ ಅಸಲು 373 ರೂಪಾಯಿ, ನಗದು ಅಸಲು 230. ಈ ಎರಡು ಅಂಕಿಗಳ ನಡುವಿನ ಜಾಗದಲ್ಲೇ ಎಲ್ಲ ಗೊಂದಲ ಇರುವುದು.

ಗೂಡು 500ಕ್ಕೆ ಹೋದರೆ 81,250 ರೂಪಾಯಿ ಬರುತ್ತದೆ. ಪೂರ್ತಿ ಖರ್ಚು ಕಳೆದು 20,600 ಉಳಿಯಿತು. ನಗದು ಮಾತ್ರ ಎಣಿಸುವವರಿಗೆ 43,800 ಸಿಕ್ಕಂತೆ ಕಾಣುತ್ತದೆ. ಎರಡು ಲೆಕ್ಕದಲ್ಲೂ ಲಾಭವೇ. 350ಕ್ಕೆ ಹೋದರೆ ಬರುವುದು 56,875. ನಗದು ಲೆಕ್ಕದವರಿಗೆ ಆಗಲೂ 19,000 ಉಳಿದಂತೆ ಕಾಣುತ್ತದೆ, ಅವರು ಮುಂದಿನ ಬೆಳೆಗೆ ಚಾಕಿ ಹೇಳುತ್ತಾರೆ. ನಿಜಕ್ಕೂ ಸುಮಾರು 3,800 ಕಡಿಮೆ ಬಿದ್ದಿದೆ. ಕಡಿಮೆ ಬಿದ್ದದ್ದು ಮನೆಯವರ ಕೂಲಿಯಲ್ಲಿ: 450ರ ಬದಲು ದಿನಕ್ಕೆ 290 ರೂಪಾಯಿಗೆ ದುಡಿದಂತಾಯಿತು. ಹೀಗೆ ಎರಡು ಮೂರು ವರ್ಷ ನಡೆಯಬಹುದು. ಹುಳುಮನೆಯ ಶೀಟು ಒಡೆದಾಗ, ಸ್ಟ್ಯಾಂಡು ತುಕ್ಕು ಹಿಡಿದಾಗ ಹೊಸದಕ್ಕೆ ದುಡ್ಡಿರುವುದಿಲ್ಲ. ಆಗ ರೇಷ್ಮೆ ಕೈಹಿಡಿಯಲಿಲ್ಲ ಎಂಬ ಮಾತು ಬರುತ್ತದೆ. ಅದು ಕೈಬಿಟ್ಟದ್ದು ಮೊದಲೇ, ತಿಳಿದದ್ದು ಈಗ.

ದರ ಯಾರ ಕೈಯಲ್ಲೂ ಇಲ್ಲ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ ಚೀನಾದ ನೂಲು ಬಂದು ನಮ್ಮ ಗೂಡಿನ ಬೆಲೆ ಕುಸಿದದ್ದನ್ನು ಹಳಬರು ಈಗಲೂ ಹೇಳುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಮತ್ತೆ ನೆಲಕಚ್ಚಿತು. ಅದಾಗಿ ಎರಡೇ ವರ್ಷದೊಳಗೆ, 2022ರ ಆರಂಭದ ಹೊತ್ತಿಗೆ, ಒಳ್ಳೆಯ ಬಿಳಿ ಗೂಡು ಸಾವಿರದ ಹತ್ತಿರ ಹೋಗಿ ಹುಳುಮನೆ ಕಟ್ಟುವವರ ಸಾಲೇ ಶುರುವಾಯಿತು. ಜೋಳ ರಾಗಿಯಂತೆ ಗೂಡನ್ನು ಬೆಲೆ ಬರುವವರೆಗೆ ಇಟ್ಟುಕೊಳ್ಳಲೂ ಆಗದು. ಒಳಗಿನ ಹುಳು ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆಯಾಗಿ ತೂತು ಕೊರೆದು ಹೊರಬರುತ್ತದೆ. ಅಲ್ಲಿಯವರೆಗೂ ದಿನದಿನಕ್ಕೆ ತೂಕ ಇಳಿಯುತ್ತಲೇ ಇರುತ್ತದೆ. ತಂದ ದಿನದ ದರಕ್ಕೆ ಕೊಟ್ಟು ಬರಬೇಕು.

ಆದರೆ ಒಂದೇ ದಿನ, ಒಂದೇ ಮಾರುಕಟ್ಟೆಯಲ್ಲಿ ಒಂದು ಲಾಟು 520ಕ್ಕೂ ಪಕ್ಕದ್ದು 430ಕ್ಕೂ ಹೋಗುವುದುಂಟು. ಆ ವ್ಯತ್ಯಾಸ ಮಾತ್ರ ರೈತನ ಕೈಯಲ್ಲಿದೆ. ರೀಲರ್ ಗೂಡನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಒಂದೆರಡನ್ನು ಕತ್ತರಿಸಿ ಕವಚದ ದಪ್ಪ ನೋಡುತ್ತಾನೆ. ಅವನ ತಲೆಯಲ್ಲಿರುವ ಪ್ರಶ್ನೆ ಒಂದೇ, ಎಷ್ಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಸಿಗುತ್ತದೆ? ನೂಲಿನ ಬೆಲೆ ಕೆ.ಜಿ.ಗೆ 4,000 ಎನ್ನೋಣ. ಆರೂವರೆ ಕೆ.ಜಿ. ಗೂಡಿಗೆ ನೂಲು ಸಿಗುವಂತಿದ್ದರೆ ಒಂದು ಕೆ.ಜಿ. ಗೂಡಿನೊಳಗೆ 615 ರೂಪಾಯಿಯ ನೂಲಿದೆ. ಏಳೂವರೆ ಕೆ.ಜಿ. ಬೇಕಾದರೆ 533 ರೂಪಾಯಿಯದು. ನೂಲು ತೆಗೆಯುವ ಕೂಲಿ, ಸೌದೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಆ ಎಂಬತ್ತು ರೂಪಾಯಿ ನೇರವಾಗಿ ರೈತನ ದರದಿಂದ ಕಡಿತವಾಗುತ್ತದೆ.

ಗೂಡು ಹಾಳಾಗುವುದು ಹೆಚ್ಚಾಗಿ ಹಣ್ಣು ಹುಳು ಬಿಟ್ಟ ಮೇಲಿನ ಎರಡು ಮೂರು ದಿನದಲ್ಲಿ. ಆರಡಿಗೆ ನಾಲ್ಕಡಿಯ ಬಿದಿರು ಚಂದ್ರಿಕೆಗೆ ಸಾವಿರ ಹುಳು ಸಾಕು. ಚಂದ್ರಿಕೆ ಸಾಲದೆ ಸಾವಿರದ ಐನೂರು ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಅದರಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ. ಗೂಡು ಕಟ್ಟುವ ಮುಂಚೆ ಹುಳು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಹಾಕುತ್ತದೆ, ಆ ತೇವ ಗಾಳಿಯಾಡದೆ ಉಳಿದರೆ ಕಲೆ ಬೀಳುತ್ತದೆ, ಎಳೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಚಳಿಯಾಗುತ್ತದೆಂದು ಕಿಟಕಿ ಮುಚ್ಚುವವರು ಇಲ್ಲಿ ಪೆಟ್ಟು ತಿನ್ನುತ್ತಾರೆ. ಐದನೇ ದಿನಕ್ಕೇ ಅವಸರದಲ್ಲಿ ಗೂಡು ಬಿಡಿಸಿದರೆ ಒಳಗಿನ ಹುಳುವಿನ ಮೈ ಇನ್ನೂ ಮೆತ್ತಗಿರುತ್ತದೆ. ಗಾಡಿಯ ಕುಲುಕಾಟಕ್ಕೆ ಅದು ಒಡೆದು ಒಳಗಿನಿಂದ ಕಲೆಯಾಗುತ್ತದೆ.

ದರ ಇಳಿಯುವುದಕ್ಕಿಂತ ದೊಡ್ಡ ಹೊಡೆತ ಬೆಳೆಯೇ ಹೋಗುವುದು. ಈ ಮಾತನ್ನು ಅಂಕಿಯಲ್ಲಿ ನೋಡಿದರೆ ಗಾಬರಿಯಾಗುತ್ತದೆ. ಹಾಲುತೊಂಡೆ ರೋಗ ಬಂದ ಹುಳುವಿನ ಗಿಣ್ಣುಗಳು ಉಬ್ಬಿ, ಮೈ ಹೊಳೆದು, ಹಾಸಿಗೆಯ ಅಂಚಿನಲ್ಲಿ ಅಡ್ಡಾದಿಡ್ಡಿ ಓಡಾಡುತ್ತದೆ. ಮುಟ್ಟಿದರೆ ಹಾಲಿನಂಥ ದ್ರವ ಸುರಿಯುತ್ತದೆ. ಒಂದೆರಡು ಕಂಡಾಗಲೇ ಆರಿಸಿ ಸುಣ್ಣದ ನೀರಿಗೆ ಹಾಕಿದರೆ ಉಳಿವಿದೆ. ಆದರೆ ಸಾಮಾನ್ಯವಾಗಿ ರಾಶಿಯಾಗಿ ಕಾಣಿಸಿಕೊಳ್ಳುವುದು ನಾಲ್ಕನೇ ಜ್ವರದ ನಂತರ, ಚಾಕಿಯ ದುಡ್ಡು, ಸೊಪ್ಪು, ಕೂಲಿ ಎಲ್ಲ ಮುಗಿದ ಮೇಲೆ. ನಮ್ಮ ಲೆಕ್ಕದಲ್ಲಿ ಆ ಹೊತ್ತಿಗೆ ಉಳಿಯುವುದು ಹಣ್ಣು ಹುಳು ಬಿಡುವ, ಗೂಡು ಬಿಡಿಸುವ ಕೂಲಿ ಮತ್ತು ಮಾರಾಟದ ಖರ್ಚು, ಒಟ್ಟು ಎಂಟು ಸಾವಿರದಷ್ಟು. ಹೋಗುವುದು 52,750. ಒಳ್ಳೆಯ ಬೆಳೆಯೊಂದರ ಉಳಿತಾಯ 20,600 ಎಂದ ಮೇಲೆ, ಒಂದು ಬೆಳೆ ಹೋದರೆ ಎರಡೂವರೆ ಒಳ್ಳೆಯ ಬೆಳೆಯ ಸಂಪಾದನೆ ಅದರ ಜೊತೆ ಹೋಯಿತು. ವರ್ಷದ ಐದರಲ್ಲಿ ನಾಲ್ಕು ಚೆನ್ನಾಗಿ ಬಂದು ಒಂದು ಹೋದರೆ ವರ್ಷಕ್ಕೆ ಉಳಿಯುವುದು ಮೂವತ್ತು ಸಾವಿರಕ್ಕೂ ಕಡಿಮೆ.

ಅರ್ಧ ಹೋದ ಬೆಳೆ ಇದಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ನೂರಕ್ಕೆ 65ರ ಬದಲು 45 ಬಿತ್ತು ಎನ್ನಿ. ರೋಗ ತಗುಲಿ ಉಳಿದ ಹುಳುವಿನ ಗೂಡು ಸಾಮಾನ್ಯವಾಗಿ ಪೂರ್ತಿ ದರಕ್ಕೂ ಹೋಗುವುದಿಲ್ಲ. 400ಕ್ಕೆ ಹೋದರೆ 45,000 ಕೈಗೆ ಬಂತು. ನಗದಿನಲ್ಲಿ ಏಳು ಸಾವಿರ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಪೂರ್ತಿ ಲೆಕ್ಕದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೋಗಿದೆ.

ಇಷ್ಟು ದೊಡ್ಡ ಅಪಾಯವನ್ನು ಕಾಯುವ ಬಾಬತ್ತು ಯಾವುದು? 60,650ರಲ್ಲಿ 3,500 ರೂಪಾಯಿಯ ಸೋಂಕು ನಿವಾರಣೆ. ದರ ಇಳಿದ ವರ್ಷ ರೈತರು ಮೊದಲು ಕತ್ತರಿ ಹಾಕುವುದೂ ಅದಕ್ಕೇ. ಪುಡಿ ಅರ್ಧ ಎರಚುತ್ತಾರೆ, ಬೆಳೆಯಿಂದ ಬೆಳೆಗೆ ಮನೆ ಖಾಲಿ ಬಿಡುವ ದಿನ ಕಡಿಮೆ ಮಾಡುತ್ತಾರೆ, ಚಂದ್ರಿಕೆ ಬಾಡಿಗೆಗೆ ತಂದು ತೊಳೆಯದೆ ಬಳಸುತ್ತಾರೆ. ಬಾಡಿಗೆ ಚಂದ್ರಿಕೆ ಹಿಂದಿನ ಮನೆಯ ರೋಗವನ್ನೂ ಹೊತ್ತು ಬರುತ್ತದೆ. ಹೀಗೆ ಉಳಿಸಿದ್ದು ಸಾವಿರವೋ ಎರಡು ಸಾವಿರವೋ. ಸುತ್ತ ಟೊಮೆಟೊ, ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರಿಗೆ ಇನ್ನೊಂದು ತಲೆನೋವು ಇದೆ. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಗೆ ಬಂದು ಸೊಪ್ಪಿನ ಮೇಲೆ ಕೂತರೆ ಹುಳು ಹಸಿರು ರಸ ಕಾರಿ, ಮೈ ಹೊರಳಿಸಿ ಸಾಯುತ್ತದೆ. ಇದಕ್ಕೆ ಪುಡಿಯ ರಕ್ಷಣೆಯಿಲ್ಲ. ಅಂಚಿನ ಸಾಲುಗಳ ಸೊಪ್ಪನ್ನು ಬೇರೆ ಕೊಯ್ದು, ಮೊದಲು ನೂರಿನ್ನೂರು ಹುಳುವಿಗೆ ಹಾಕಿ, ಕೆಲವು ಗಂಟೆ ನೋಡಿ, ಆಮೇಲೆ ಉಳಿದವಕ್ಕೆ ಹಾಕುವುದೊಂದೇ ದಾರಿ.

ಹಾಗಾದರೆ ಕಟ್ಟುತ್ತದೆಯೇ, ಇಲ್ಲವೇ? ಇದನ್ನು ಹುಳು ಸಾಕದೆಯೇ ಪರೀಕ್ಷಿಸುವ ಒಂದು ದಾರಿಯಿದೆ. ಸೊಪ್ಪು ಕಡಿಮೆ ಬಿದ್ದವರು ಬೇರೆಯವರ ತೋಟದ ಸೊಪ್ಪು ಕೊಳ್ಳುತ್ತಾರೆ, ಕೊಯ್ಲೂ ಅವರದೇ. ಕೆ.ಜಿ. ಎಲೆಗೆ 7 ರೂಪಾಯಿ ಸಿಕ್ಕರೆ 3,500 ಕೆ.ಜಿ.ಗೆ 24,500. ತೋಟದ ಖರ್ಚು 14,000 ಕಳೆದರೆ ಒಂದು ಕೊಯ್ಲಿಗೆ 10,500 ಉಳಿಯಿತು. ನಿದ್ದೆಗೇಡಿಲ್ಲ, ರೋಗದ ಭಯವಿಲ್ಲ, ಹುಳುಮನೆಯೇ ಬೇಕಿಲ್ಲ. ಹುಳು ಸಾಕಿದರೆ ಒಳ್ಳೆಯ ಬೆಳೆಯಲ್ಲಿ ಉಳಿಯುವುದು ಅದರ ಎರಡರಷ್ಟು. ಆದರೆ ಐದರಲ್ಲಿ ಒಂದು ಹೋಗುವ ಮನೆಯಲ್ಲಿ ಬೆಳೆಗೆ ಸರಾಸರಿ ಆರು ಸಾವಿರ, ಅಂದರೆ ಸೊಪ್ಪು ಮಾರುವುದಕ್ಕಿಂತ ಕಡಿಮೆ.

ಇಷ್ಟಾದರೂ ಆ ಮನೆಯವರು ಸಾಕುವುದನ್ನು ಬಿಡಲಿ ಎಂದು ಥಟ್ಟನೆ ಹೇಳಲಾಗದು. ಈ ಆರು ಸಾವಿರ ಮನೆಯವರ ಕೂಲಿ ಕೊಟ್ಟ ಮೇಲೆ ಉಳಿದದ್ದು. ಹತ್ತಿರದಲ್ಲಿ ಬೇರೆ ದುಡಿಮೆಯೇ ಇಲ್ಲದ ಕುಟುಂಬಕ್ಕೆ ಆ 10,800 ಕೂಡ ಹುಳುವಿನಿಂದಲೇ ಬಂದ ಸಂಪಾದನೆ, ಸೊಪ್ಪು ಮಾರಿದರೆ ಅದು ಬರುವುದಿಲ್ಲ. ಆಗಲೇ ಹುಳುಮನೆ ಕಟ್ಟಿ ಮುಗಿಸಿದವರಿಗೂ ಹಾಗೆಯೇ, ಹುಳು ಸಾಕಿದರೂ ಬಿಟ್ಟರೂ ಮನೆಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಅವರು ಆ ಸವೆತವನ್ನು ಬದಿಗಿಟ್ಟು ಮುಂದಿನ ಬೆಳೆಯ ಲೆಕ್ಕ ಹಾಕಬಹುದು. ಈ ಪರೀಕ್ಷೆ ನಿಜಕ್ಕೂ ಬೇಕಾಗಿರುವುದು ಇನ್ನೂ ಹುಳುಮನೆ ಕಟ್ಟದವರಿಗೆ, ಅದರಲ್ಲೂ ಪಟ್ಟಣದ ಕೆಲಸ ಬಿಟ್ಟು ಬಂದು ಪೂರ್ತಿ ಕೂಲಿಯಿಂದಲೇ ಸಾಕಿಸಬೇಕು ಎಂದುಕೊಂಡವರಿಗೆ.

ಅಂಥವರಿಗೆ ಖರ್ಚು ತಗ್ಗಿಸುವ ಒಂದು ಜಾಗ ಹುಳುಮನೆಯ ಅಳತೆ. ಎಕರೆಯನ್ನು ಎರಡು ಪಾಲು ಮಾಡಿ, ಒಂದು ತಿಂಗಳು ಹಿಂದೆ ಮುಂದೆ ಕೊಯ್ಲಿಗೆ ಬರುವಂತೆ ಸವರಿದರೆ, ವರ್ಷಕ್ಕೆ 125 ಮೊಟ್ಟೆಯ ಹತ್ತು ಬೆಳೆ ತೆಗೆಯಬಹುದು. ಅರ್ಧ ಅಳತೆಯ ಮನೆ ಸಾಕು, ಸವೆತವೂ ಅರ್ಧ. ದರ ಬಿದ್ದ ದಿನ ಇಡೀ ಕೊಯ್ಲಿನ ಗೂಡು ಒಟ್ಟಿಗೆ ಮಾರುಕಟ್ಟೆಗೆ ಹೋಗುವ ಅಪಾಯವೂ ಕಡಿಮೆ. ಇದರ ತೊಂದರೆ ದಿನಗಳ ಲೆಕ್ಕದಲ್ಲಿದೆ. ಒಂದು ಬೆಳೆ ಚಾಕಿ ತಂದದ್ದರಿಂದ ಗೂಡು ಬಿಡಿಸುವವರೆಗೆ ಇಪ್ಪತ್ನಾಲ್ಕು ಇಪ್ಪತ್ತೈದು ದಿನ ಮನೆ ಹಿಡಿಯುತ್ತದೆ, ತೊಳೆದು ಸೋಂಕು ಕಳೆದು ಒಣಗಲು ಇನ್ನು ಹತ್ತು ದಿನ. ಹತ್ತು ಬೆಳೆಗೆ ವರ್ಷ ಪೂರ್ತಿ ಮುಗಿಯಿತು. ಒಂದು ಬೆಳೆ ನಾಲ್ಕು ದಿನ ತಡವಾದರೂ ಕತ್ತರಿ ಬೀಳುವುದು ಆ ಹತ್ತು ದಿನಕ್ಕೆ, ಹಿಂದಿನ ಬೆಳೆಯ ರೋಗ ಮುಂದಿನದಕ್ಕೆ ದಾಟುವುದು ಅಲ್ಲೇ. ವರ್ಷಕ್ಕೆ ಎಂಟಕ್ಕೆ ನಿಲ್ಲಿಸಿ, ಬಿಸಿಲು ಹೆಚ್ಚಿರುವ ಏಪ್ರಿಲ್–ಮೇ ತಿಂಗಳಲ್ಲಿ ಆ ಪಾಲಿನ ಸೊಪ್ಪು ಮಾರಿಬಿಡುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ದ್ವಿತಳಿ ಹುಳುವಿನ ಕೊನೆಯ ಹಂತಕ್ಕೆ 24–25 ಡಿಗ್ರಿ ಹಿತ, ಶೀಟಿನ ಮನೆಯ ಒಳಗೆ ಬೇಸಿಗೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟ.

ಕೊನೆಗೆ ಆಚೆಗಿಟ್ಟಿದ್ದ ಬಡ್ಡಿ. ಏಳೂವರೆ ಲಕ್ಷವನ್ನು ಸಾಲ ತಂದು ಹಾಕಿದರೆ, ನೂರಕ್ಕೆ ಹತ್ತರಂತೆ ಮೊದಲ ವರ್ಷದ ಬಡ್ಡಿಯೇ 75,000. ಐದು ಬೆಳೆಗೆ ಹಂಚಿದರೆ ಬೆಳೆಗೆ 15,000. ಗೂಡು 500ಕ್ಕೆ ಹೋದ ಒಳ್ಳೆಯ ಬೆಳೆಯ ಉಳಿತಾಯ ಆಗ 5,600ಕ್ಕೆ ಇಳಿಯುತ್ತದೆ, ಒಂದು ಬೆಳೆ ಹೋದರೆ ವರ್ಷವೇ ಸಾಲದಲ್ಲಿ ಮುಗಿಯುತ್ತದೆ. ಹುಳುಮನೆಗೆ ರೇಷ್ಮೆ ಇಲಾಖೆಯ ಸಹಾಯಧನವಿದೆ, ಅದು ಬಂದರೆ ಈ ಲೆಕ್ಕ ಬಹಳ ಹಗುರಾಗುತ್ತದೆ. ಆದರೆ ಮೊದಲು ಕೈಯಿಂದ ಹಾಕಿ ಕಟ್ಟಿ ಆಮೇಲೆ ಪಡೆಯುವ ದುಡ್ಡು ಅದು. ಕಟ್ಟಲು ಹೊರಟವರು ಮಂಜೂರಾತಿಯ ಕಾಗದ ಕೈಗೆ ಬಂದ ಮೇಲೆ ಅಡಿಪಾಯ ತೋಡಿಸಲಿ, ಅಲ್ಲಿಯವರೆಗೆ ತೋಟದ ಮೊದಲ ಎರಡು ಕೊಯ್ಲಿನ ಸೊಪ್ಪನ್ನು ಪಕ್ಕದವರಿಗೆ ಮಾರಲಿ. ಗಿಡಕ್ಕೆ ನಿಜವಾಗಿ ಎಷ್ಟು ಎಲೆ ಬರುತ್ತದೆಂಬುದೂ ಅಷ್ಟರೊಳಗೆ ತಕ್ಕಡಿಯಲ್ಲೇ ಗೊತ್ತಾಗಿರುತ್ತದೆ.